ದೂರು: ಪೈಪ್ ಬಿರುಕಿಗೆ ಆಕ್ಸಿಜನ್ ಸೆನ್ಸರ್ ಬದಲಾಯಿಸಿದ ಬಗ್ಗೆ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಬಾನೆಟ್ ಒಳಗೆ ಸುಯ್ ಅಂತ ಸದ್ದು ಬರುತ್ತಿದೆ, ಐಡ್ಲಿಂಗ್ 1300ಕ್ಕೆ ಏರಿದೆ, ಚೆಕ್ ಎಂಜಿನ್ ದೀಪ ಉರಿಯುತ್ತಿದೆ ಎಂದು ಹೇಳಿ ನನ್ನ ಪೆಟ್ರೋಲ್ ಕಾರನ್ನು ನಿಮ್ಮಲ್ಲಿ ಬಿಟ್ಟಿದ್ದೆ. ಜಾಬ್ ಕಾರ್ಡಿನಲ್ಲಿ ಈ ಮೂರೂ ಇವೆ. ನೀವು ಥ್ರಾಟಲ್ ಬಾಡಿ ತೊಳೆದು, ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಬಿಲ್ ಕೊಟ್ಟಿರಿ. ಮನೆ ತಲುಪುವಷ್ಟರಲ್ಲಿ ದೀಪ ಮತ್ತೆ ಹತ್ತಿತು. ಈಗ ಥ್ರಾಟಲ್ ಬಾಡಿಯನ್ನೇ ಹೊಸದು ಹಾಕಬೇಕು ಅನ್ನುತ್ತಿದ್ದೀರಿ.

ನಿಮ್ಮದೇ ಸ್ಕ್ಯಾನ್ ಪ್ರಿಂಟ್ ಒಮ್ಮೆ ನೋಡಿ. ಕೋಡ್ P0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಫ್ಯೂಯೆಲ್ ಟ್ರಿಮ್ ಐಡ್ಲಿಂಗ್‌ನಲ್ಲಿ +22, 2500 ಆರ್‌ಪಿಎಂನಲ್ಲಿ +5. ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೆ ಟ್ರಿಮ್ ಹೀಗೆ ಇಳಿಯುವುದು ಅಪರೂಪ. ಥ್ರಾಟಲ್ ಮುಚ್ಚಿರುವಾಗ ಮ್ಯಾನಿಫೋಲ್ಡ್ ಜೋರಾಗಿ ಎಳೆಯುತ್ತದೆ, ಆದರೆ ಎಂಜಿನ್ನಿಗೆ ಹೋಗುವ ಒಟ್ಟು ಗಾಳಿ ಕಡಿಮೆ. ಆಗ ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಸಣ್ಣ ತೂತಿನಿಂದ ನುಗ್ಗುವ ಗಾಳಿಯೂ ದೊಡ್ಡ ಪಾಲಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅದೇ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ಆ ತೂತು ಎಲ್ಲಿದೆ ಎಂದು ನಾನೇ ಹುಡುಕಿದೆ. ಒಂದು ತುಂಡು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಸುತ್ತ ಆಡಿಸಿದೆ, ಫ್ಯಾನ್ ಮತ್ತು ಬೆಲ್ಟ್‌ಗಳಿಂದ ದೂರ. ಪಿಸಿವಿ ಪೈಪಿನ ಹತ್ತಿರ ಸದ್ದು ಜೋರಾಯಿತು. ಇಕ್ಕಳಕ್ಕೆ ಬಟ್ಟೆ ಸುತ್ತಿ, ಆ ಪೈಪನ್ನು ಮ್ಯಾನಿಫೋಲ್ಡ್ ಕಡೆಯ ತುದಿಯಲ್ಲಿ ಒತ್ತಿದೆ. ಸದ್ದು ನಿಂತಿತು, ಐಡ್ಲಿಂಗ್ ಇಳಿಯಿತು. ಸರಿಯಿರುವ ಪಿಸಿವಿ ಪೈಪ್ ಒತ್ತಿದರೂ ಐಡ್ಲಿಂಗ್ ಕೊಂಚ ಇಳಿಯುತ್ತದೆ. ಅದಕ್ಕೇ ಅಷ್ಟಕ್ಕೆ ನಂಬದೆ ಸೋಪ್ ನೀರು ಸ್ಪ್ರೇ ಮಾಡಿದೆ, ಇಗ್ನಿಷನ್ ಕಾಯಿಲ್‌ಗೆ ತಾಗದ ಹಾಗೆ. ಪೈಪಿನ ಬಾಗಿನ ತಳಭಾಗದಲ್ಲಿ ನೊರೆ ಒಳಗೆ ಎಳೆದುಕೊಂಡಿತು, ಒಂದು ಕ್ಷಣ ಸದ್ದು ಬದಲಾಯಿತು. ಕಾರ್ಬ್ ಕ್ಲೀನರ್ ಬಳಸಲಿಲ್ಲ. ಬಿಸಿ ಎಕ್ಸಾಸ್ಟ್ ಪೈಪ್ ಪಕ್ಕದಲ್ಲಿ ಅದು ಬೆಂಕಿ ಹತ್ತುವ ವಸ್ತು.

ಕನ್ನಡಿ ಹಿಡಿದು ನೋಡಿದರೆ ಎಣ್ಣೆಗೆ ಮೆತ್ತಗಾದ ರಬ್ಬರಿನಲ್ಲಿ ಉಗುರುದ್ದದ ಬಿರುಕು. ಮೇಲಿನಿಂದ ಕಾಣುವುದೇ ಇಲ್ಲ. ತಾತ್ಕಾಲಿಕವಾಗಿ ಟೇಪ್ ಸುತ್ತಿದೆ, ಐಡ್ಲಿಂಗ್ 750ಕ್ಕೆ ಬಂತು. ಟೇಪ್ ಬಹಳ ದಿನ ಬಾಳುವುದಿಲ್ಲ ಅಂತ ನಿಮಗೂ ಗೊತ್ತು.

ಸದ್ದು ಬರುತ್ತಿದೆ ಎಂದು ಗ್ರಾಹಕ ಬರೆಸಿದ್ದಾಗ ಮೊದಲು ಆ ಸದ್ದನ್ನೇ ಹುಡುಕಬೇಕಿತ್ತು, ಅಲ್ವಾ? ಇದಕ್ಕೆ ಯಾವ ಮೆಷಿನ್ನೂ ಬೇಕಿರಲಿಲ್ಲ.

ಹೊಸ ಪಿಸಿವಿ ಪೈಪ್ ಮತ್ತು ಕ್ಲಿಪ್ ಹಾಕಿಕೊಡಿ, ಅದರ ದುಡ್ಡು ನಾನೇ ಕೊಡುತ್ತೇನೆ. ಆಕ್ಸಿಜನ್ ಸೆನ್ಸರ್ ಮತ್ತು ಅದರ ಲೇಬರ್ ಹಣ ವಾಪಸ್ ಮಾಡಿ, ತೆಗೆದ ಹಳೇ ಸೆನ್ಸರನ್ನೂ ಕೊಡಿ. ಪೈಪ್ ಹಾಕಿದ ಮೇಲೆ ಐಡ್ಲಿಂಗ್‌ನಲ್ಲಿ ಟ್ರಿಮ್ ಎಷ್ಟಿದೆ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಹಾಕಿ. ಈ ವಾರದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಬಿಲ್ ಮತ್ತು ಸ್ಕ್ಯಾನ್ ಪ್ರಿಂಟ್ ಸಮೇತ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ