ನಕ್ಷತ್ರ ಗುರುತಿನ ಕೆಳಗೇನಿದೆ, ತರಿಸಿ ನೋಡಿ: ಮುಖ್ಯ ಆಯುಕ್ತರಿಗೊಂದು ಬಹಿರಂಗ ಪತ್ರ

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾನ್ಯ ಮುಖ್ಯ ಆಯುಕ್ತರೇ,

ಬಟ್ಟೆ ಒಗೆಯುವ ಪುಡಿಯ ಜಾಹೀರಾತೊಂದನ್ನು ದಯವಿಟ್ಟು ಒಮ್ಮೆ ನಿಲ್ಲಿಸಿ, ಕೆಳಗಿನ ಸಾಲನ್ನು ಓದಿ. ಓದಲು ಆದರೆ. ಎರಡು ಅಂಗಿ, ಎರಡು ಬಕೆಟ್. ಒಂದರ ಪಕ್ಕ ಕಂಪನಿಯ ಪೊಟ್ಟಣ, ಇನ್ನೊಂದರ ಪಕ್ಕ ಮಸುಕು ಮಾಡಿದ ಪೊಟ್ಟಣ. ಮಸುಕಾಗಿದ್ದರೇನು, ಬಣ್ಣ ನೋಡಿದರೆ ಯಾರದ್ದೆಂದು ಮಕ್ಕಳೂ ಹೇಳುತ್ತಾರೆ. ಪರದೆ ತುಂಬ 'ಎರಡು ಪಟ್ಟು ಕಲೆ ಮಾಯ', ಮೇಲೊಂದು ನಕ್ಷತ್ರ ಗುರುತು. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ: 'ಆಯ್ದ ಕಲೆಗಳ ಮೇಲೆ, ಪ್ರಯೋಗಾಲಯದಲ್ಲಿ, ಆಯಾ ಪೊಟ್ಟಣ ಸೂಚಿಸಿದ ಪ್ರಮಾಣದಲ್ಲಿ'.

ಮೋಸ ಇರುವುದು ಆ ಕೊನೆಯ ಮಾತಿನಲ್ಲಿ. ಇವರ ಪೊಟ್ಟಣ ಒಂದು ಬಕೆಟ್‌ಗೆ 60 ಗ್ರಾಂ ಹಾಕಿ ಎನ್ನುತ್ತದೆ, ಎದುರಾಳಿಯದು 30 ಗ್ರಾಂ. ದುಪ್ಪಟ್ಟು ಪುಡಿ ಸುರಿದು ದುಪ್ಪಟ್ಟು ಶಕ್ತಿ ಎಂದರೆ ಅದ್ಯಾವ ಹೋಲಿಕೆ ಸ್ವಾಮಿ? ಸಮ ತೂಕ ಹಾಕಿ ಒಗೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಜಾಹೀರಾತು ಹೇಳುವುದೇ ಇಲ್ಲ. ಒಂದು ಕಿಲೋ ಪುಡಿ ಇವರದಾದರೆ 16 ಸಲಕ್ಕೆ ಮುಗಿಯುತ್ತದೆ, ಅವರದು 33 ಸಲಕ್ಕೆ ಬರುತ್ತದೆ. ಅದನ್ನೂ ಹೇಳುವುದಿಲ್ಲ.

ನಿಯಮ ನಿಮಗೆ ನಾವು ಹೇಳಿಕೊಡಬೇಕಿಲ್ಲ. ದಾರಿ ತಪ್ಪಿಸುವ ಜಾಹೀರಾತು ತಡೆಯುವ 2022ರ ಮಾರ್ಗಸೂಚಿ ನಿಮ್ಮದೇ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕು. ಹೋಲಿಕೆ ಮಾಡಿದವರು ನೀವು ಕೇಳಿದಾಗ ಆಧಾರ ಒದಗಿಸಬೇಕು. ಕೇಳಿದಾಗ! ಹಾಗಾದರೆ ಕೇಳಿ. ಪರೀಕ್ಷಾ ವರದಿ ತರಿಸಿ.

ಎದುರಾಳಿ ಕಂಪನಿಗಾದರೆ ದಾರಿಯಿದೆ. 'ನಮ್ಮದೇ ಶ್ರೇಷ್ಠ' ಎಂದು ಕೊಚ್ಚಿಕೊಂಡರೆ ನ್ಯಾಯಾಲಯ ಸಹಿಸುತ್ತದೆ, 'ಅವರದು ಕೆಟ್ಟದ್ದು' ಎಂದು ಜರೆದರೆ ತಡೆಯಾಜ್ಞೆ ಕೊಡುತ್ತದೆ. ಆದರೆ ಅದು ಇಬ್ಬರು ವ್ಯಾಪಾರಿಗಳ ಜಗಳ. ಅಲ್ಲಿ ಜಾಹೀರಾತು ನಿಂತರೂ ಈಗಾಗಲೇ ಪುಡಿ ಕೊಂಡವರಿಗೆ ಬಿಡಿಗಾಸೂ ಬರುವುದಿಲ್ಲ. ಎಷ್ಟೋ ಸಲ ಎದುರಾಳಿ ಮೊಕದ್ದಮೆಯನ್ನೇ ಹೂಡುವುದಿಲ್ಲ, ಮುಂದಿನ ತಿಂಗಳು ತಾನೂ ಅಂಥದ್ದೇ ಜಾಹೀರಾತು ಬಿಡುತ್ತಾನೆ. ಗ್ರಾಹಕ ಆಯೋಗಕ್ಕೆ ಹೋದವರು ಪರಿಹಾರ ಕೇಳಬಹುದು, ತಿದ್ದುಪಡಿ ಜಾಹೀರಾತನ್ನೂ ಕೇಳಬಹುದು. ಆದರೆ ವರದಿ ಕಂಪನಿಯ ಬೀರುವಿನಲ್ಲಿದ್ದರೆ ಏನೆಂದು ವಾದಿಸುವುದು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಂ ನಿಮಗೆ ಜಾಹೀರಾತು ನಿಲ್ಲಿಸುವ ಅಧಿಕಾರ ಕೊಟ್ಟಿದೆ. ಮೊದಲ ಸಲ 10 ಲಕ್ಷದವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೋಟಿಗಟ್ಟಲೆ ಸುರಿದು ಜಾಹೀರಾತು ಮಾಡುವವರಿಗೆ 10 ಲಕ್ಷ ಎಂದರೆ ಅದೂ ಪ್ರಚಾರದ ಖರ್ಚಿನಲ್ಲೊಂದು ಬಾಬತ್ತು. ಆದ್ದರಿಂದಲೇ ದಂಡಕ್ಕಿಂತ ವರದಿ ಮುಖ್ಯ.

ದೂರು ಬಂದ 15 ದಿನದೊಳಗೆ ಪರೀಕ್ಷಾ ವರದಿ ತರಿಸಿ. ಯಾವ ಕಲೆ, ಎಷ್ಟು ಗ್ರಾಂ, ಎಷ್ಟು ನೀರು, ಎದುರಿಗಿಟ್ಟ ಪುಡಿ ಯಾವುದು, ಪರೀಕ್ಷಿಸಿದವರು ಯಾರು, ಎಲ್ಲವನ್ನೂ ನಿಮ್ಮ ಜಾಲತಾಣದಲ್ಲಿ ಹಾಕಿ. ವರದಿ ಕೊಡದಿದ್ದರೆ ಜಾಹೀರಾತು ನಿಲ್ಲಿಸಿ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬೇಡ, ವರದಿ ತರಿಸಿ.

ಇತಿ,
ಅಡಿಟಿಪ್ಪಣಿ ಓದುವ ಗ್ರಾಹಕರು