ನಾಸ್ ಪೆಟ್ಟಿಗೆ ತರುವವರಿಗೆ: ಜೋಡಿ ಡಿಸ್ಕ್ ಅಂದರೆ ಬ್ಯಾಕಪ್ ಅಲ್ಲ

ಗೆಳೆಯರೇ, ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಫೈಲ್ ಇಡುವ ನಾಸ್ ಪೆಟ್ಟಿಗೆಗೆ 4 ಟಿಬಿಯ ಎರಡು ಡಿಸ್ಕ್ ಹಾಕಿ RAID 1 ಮಾಡಿದರೆ ಸಿಗುವ ಜಾಗ 4 ಟಿಬಿ ಮಾತ್ರ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ. ಒಂದು ಡಿಸ್ಕ್ ಕೆಟ್ಟರೂ ಫೈಲ್ ಉಳಿಯುತ್ತದೆ, ನಿಜ. ಆದರೆ ಯಾರೋ ಕೈತಪ್ಪಿ ಫೋಟೋ ಫೋಲ್ಡರ್ ಅಳಿಸಿದರೆ ಎರಡರಿಂದಲೂ ಆಗಲೇ ಹೋಗುತ್ತದೆ. ನಮ್ಮ ಮನೆಯಲ್ಲಿ ಹೀಗೇ ಆಯ್ತು. ಹಿಂದಿನ ರಾತ್ರಿ ಫೈಲ್‌ಗಳಿದ್ದ ಸ್ಥಿತಿಯನ್ನು ಹಿಡಿದಿಟ್ಟ ಸ್ನ್ಯಾಪ್‌ಶಾಟ್ ಇದ್ದದ್ದರಿಂದ ವಾಪಸ್ ಸಿಕ್ಕಿತು.

ಹಾಗಾಗಿ ದಿನಕ್ಕೊಂದು ಸ್ನ್ಯಾಪ್‌ಶಾಟ್ ಇರಲಿ. ಅದಕ್ಕೆ ಡಿಸ್ಕ್ ಜಾಗವನ್ನು ವಾಲ್ಯೂಮ್ ಆಗಿ ಸಿದ್ಧ ಮಾಡುವಾಗಲೇ Btrfs ಅಥವಾ ZFS ಫೈಲ್ ಸಿಸ್ಟಂ ಆರಿಸಿ. ಆಮೇಲೆ ಬದಲಿಸಲು ಸಾಮಾನ್ಯವಾಗಿ ಎಲ್ಲ ಖಾಲಿ ಮಾಡಬೇಕಾಗುತ್ತದೆ.

ಪೆಟ್ಟಿಗೆಯೇ ಸುಟ್ಟರೆ ಸ್ನ್ಯಾಪ್‌ಶಾಟ್ ಕೂಡ ಇಲ್ಲ ಅಲ್ವಾ? ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕ್‌ಗೆ ನಕಲು ತೆಗೆದು, ಬಿಚ್ಚಿ ಬೇರೆ ಕಡೆ ಇಡಿ. ಆಗಾಗ ಅದರಿಂದ ಒಂದೆರಡು ಫೈಲ್ ತೆರೆದು ನೋಡಿ.