ತೊಗರಿ ಹೊಲದಲ್ಲಿ ಒದ್ದೆಯಾಗುವ ಬೆನ್ನು

ಮಾನ್ಯರೇ,

ವಿಜಯಪುರ ಜಿಲ್ಲೆಯಲ್ಲಿ ತೊಗರಿ ಹೂ ಬಿಟ್ಟಾಗ ಕೀಟನಾಶಕದ ಎಣ್ಣೆ ಹೊಡೆಯುವ ಕೆಲಸ ಜೋರು. ಗಿಡ ಆಳೆತ್ತರ, ಹೊಡೆದದ್ದು ಮೈಮೇಲೇ ಬೀಳುತ್ತದೆ. ಮೂಗಿಗೆ ಟವೆಲ್ ಕಟ್ಟಿದರೆ ಸಾಕು ಅಂತ ನಂಬಿಕೆ. ಆದರೆ ವಿಷ ಜಾಸ್ತಿ ಒಳಹೋಗುವುದು ಚರ್ಮದಿಂದ. ಪಂಪು ಸೋರಿ ಬೆನ್ನು ಒದ್ದೆಯಾದರೂ ಸಂಜೆವರೆಗೆ ಅದೇ ಅಂಗಿ! ಆಮೇಲೆ ಬೆವರು, ಜೊಲ್ಲು, ವಾಂತಿ ಶುರುವಾದರೆ ಬಿಸಿಲಿನ ದಣಿವು ಅಂದುಕೊಳ್ಳುತ್ತಾರೆ. ಜೊತೆಗೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷವೇ ಇರಬಹುದು. ಕೂಡಲೇ ಅಂಗಿ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದು, ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ವೈದ್ಯರಿಗೆ ಲೇಬಲ್ ನೆರವಾಗುತ್ತದೆ.

ಹಂಗಾಮಿಗೆ ಮೊದಲೇ ಗ್ರಾಮ ಪಂಚಾಯಿತಿಗಳು ಪಂಪುಗಳ ವಾಷರ್ ಬದಲಿಸುವ ದಿನ ಇಡಲಿ. ಹೊಲದ ಮಾಲೀಕರು ಬದುವಿನಲ್ಲಿ ಕೊಡ ನೀರು, ಸೋಪು, ಬೇರೆ ಅಂಗಿ ಇಡಲಿ. ಕೂಲಿಯ ಲೆಕ್ಕದಲ್ಲಿ ಅದೆಷ್ಟರ ಖರ್ಚು, ಅಲ್ವಾ?

– ಒಬ್ಬ ರೈತ, ಇಂಡಿ ತಾಲ್ಲೂಕು